ವಂಶವೃಕ್ಷದ ಆ್ಯಪ್ ಮುಚ್ಚಿದಾಗ: ಹೆಸರು, ಸಂಬಂಧ, ಫೋಟೋ ಹೊರತಂದ ಅನುಭವ

ನಮ್ಮ ಮನೆತನದ ವಂಶವೃಕ್ಷವನ್ನು ಆ್ಯಪ್‌ನಲ್ಲಿ ಕಟ್ಟಿದವರು ನನ್ನ ದೊಡ್ಡಪ್ಪ. ಐದು ತಲೆಮಾರು, ಮುನ್ನೂರಕ್ಕೂ ಹೆಚ್ಚು ಹೆಸರು, ಜೊತೆಗೆ ಹಳೆಯ ಫೋಟೋಗಳ ರಾಶಿ. ಒಂದೊಂದು ಫೋಟೋದಲ್ಲೂ ಮುಖದ ಮೇಲೆ ಬೆರಳಿಟ್ಟರೆ ಯಾರು ಅಂತ ಹೆಸರು ಬರುವ ಹಾಗೆ ಗುರುತು ಹಾಕಿದ್ದರು. ನಿವೃತ್ತಿಯ ನಂತರ ಅವರು ಮಾಡಿದ ದೊಡ್ಡ ಕೆಲಸ ಅಂದರೆ ಇದೇ. ಒಂದು ದಿನ ಆ ಆ್ಯಪ್‌ನವರಿಂದ ಇಮೇಲ್ ಬಂತು. ಸೇವೆ ನಿಲ್ಲಿಸುತ್ತಿದ್ದೇವೆ, ಇಂಥ ತಾರೀಖಿನೊಳಗೆ ನಿಮ್ಮ ಮಾಹಿತಿ ಇಳಿಸಿಕೊಳ್ಳಿ, ಆಮೇಲೆ ಸರ್ವರ್‌ನಿಂದ ಎಲ್ಲ ಅಳಿಸುತ್ತೇವೆ ಅಂತ.

ದೊಡ್ಡಪ್ಪ ಅದನ್ನು ಜಾಹೀರಾತು ಅಂದುಕೊಂಡು ಸುಮ್ಮನಿದ್ದರು. ಎರಡನೇ ಸಲ ಬಂದಾಗ ನನಗೆ ತೋರಿಸಿದರು. ಅಷ್ಟರಲ್ಲಿ ಕೊಟ್ಟ ಸಮಯದಲ್ಲಿ ಅರ್ಧ ಮುಗಿದಿತ್ತು.

ಮೊದಲ ತೊಡಕು ಲಾಗಿನ್. ಅವರ ಫೋನಿನಲ್ಲಿ ಆ್ಯಪ್ ತೆರೆಯುತ್ತಿತ್ತು, ಆದರೆ ಮಾಹಿತಿ ಇಳಿಸಿಕೊಳ್ಳುವ ಆಯ್ಕೆ ವೆಬ್‌ಸೈಟಿನಲ್ಲಿ ಮಾತ್ರ ಇತ್ತು. ಅಲ್ಲಿ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಬದಲಿಸಲು ಹೋದರೆ ಒಟಿಪಿ ಹೋಗುವುದು ಅವರು ಯಾವತ್ತೋ ಬಿಟ್ಟ ಹಳೆಯ ನಂಬರಿಗೆ. ಸಹಾಯ ವಿಭಾಗಕ್ಕೆ ಬರೆದೆವು. ಖಾತೆ ನಿಮ್ಮದೇ ಅನ್ನುವುದಕ್ಕೆ ಆಧಾರ ಕೊಡಿ ಅಂದರು. ಚಂದಾ ಕಟ್ಟಿದಾಗ ಬಂದಿದ್ದ ರಸೀದಿಯ ಇಮೇಲ್, ಆ್ಯಪ್‌ನ ಪ್ರೊಫೈಲ್ ಪುಟದ ಸ್ಕ್ರೀನ್‌ಶಾಟ್, ಖಾತೆ ಶುರು ಮಾಡಿದ ಅಂದಾಜು ತಿಂಗಳು, ಇಷ್ಟು ಕಳಿಸಿದ ಮೇಲೂ ಉತ್ತರಕ್ಕೆ ತುಂಬಾ ಕಾಯಬೇಕಾಯಿತು. ಮುಚ್ಚುತ್ತಿರುವ ಅಂಗಡಿಯಲ್ಲಿ ಮಾತಾಡಿಸುವವರು ಕಡಿಮೆಯೇ ಇರುತ್ತಾರೆ. ನಿಮ್ಮ ಮನೆಯ ಹಿರಿಯರು ಇಂಥ ಆ್ಯಪ್ ಬಳಸುತ್ತಿದ್ದರೆ, ಖಾತೆಯಲ್ಲಿ ಯಾವ ಇಮೇಲ್, ಯಾವ ನಂಬರ್ ಇದೆ ಅಂತ ಈಗಲೇ ನೋಡಿ. ಇನ್ನೊಬ್ಬರನ್ನು ಅಡ್ಮಿನ್ ಮಾಡುವ ಅವಕಾಶ ಇದ್ದರೆ ಮನೆಯಲ್ಲಿ ಕಿರಿಯರೊಬ್ಬರನ್ನು ಸೇರಿಸಿ.

ಕಾಯುತ್ತಾ ಕೂತಾಗ ಒಂದು ಕೆಲಸ ಮಾಡಿದೆವು. ಅದೇ ಕೊನೆಗೆ ಕೈಹಿಡಿಯಿತು. ಫೋನಿನಲ್ಲಿ ತೆರೆಯುತ್ತಿದ್ದ ಆ್ಯಪ್‌ನಲ್ಲಿ, ಒಬ್ಬರಿಗಿಂತ ಹೆಚ್ಚು ಜನ ಇರುವ ಪ್ರತಿ ಫೋಟೋವನ್ನೂ ತೆರೆದು, ಹೆಸರುಗಳು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದೆವು. ಬೇಜಾರಿನ ಕೆಲಸ. "ಎಲ್ಲಾ ಅದರಲ್ಲೇ ಇದೆಯಲ್ಲೋ, ಮತ್ಯಾಕೆ ಇದು?" ಅಂತ ದೊಡ್ಡಪ್ಪ ಗೊಣಗಿದರು. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಕೊನೆಗೂ ಲಾಗಿನ್ ಆಯಿತು. ಆದರೆ ಉಚಿತ ಖಾತೆಯವರಿಗೆ ಫೋಟೋ ಇಳಿಸಿಕೊಳ್ಳುವ ಅವಕಾಶ ಇಲ್ಲ, ಚಂದಾ ಮುಗಿದಿದೆ ಅಂತ ಬಂತು. ಮುಚ್ಚಿಹೋಗುವ ಸೇವೆಗೆ ಇನ್ನೊಂದು ತಿಂಗಳ ದುಡ್ಡು ಕಟ್ಟಿದೆವು. ಮೈ ಉರಿಯಿತು, ಆದರೆ ವಾದ ಮಾಡುತ್ತಾ ಕೂರಲು ಸಮಯ ಇರಲಿಲ್ಲ.

ನಮಗೆ ಸಿಕ್ಕಿದ್ದು ಎರಡು ಫೈಲ್. ಒಂದು `.ged` ಅನ್ನುವ ಫೈಲ್, ಇನ್ನೊಂದು ಫೋಟೋಗಳ ಜಿಪ್. ಈ `.ged` ಅಂದರೆ ಜೆಡ್‌ಕಾಮ್. ವಂಶವೃಕ್ಷದ ಆ್ಯಪ್‌ಗಳೆಲ್ಲ ಒಂದರಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸಲು ಬಳಸುವ ರೂಪ. ಈಗಲೂ ಹೆಚ್ಚಿನ ಆ್ಯಪ್‌ಗಳು ಕೊಡುವುದು ಅದರ 5.5.1 ಆವೃತ್ತಿಯನ್ನು. ಅದು ಮೊದಲು ಹೊರಬಂದದ್ದು 1999ರಲ್ಲಿ. 2021ರಲ್ಲಿ 7.0 ಬಂದಿದೆ, ಅದನ್ನು ಬಳಸುವ ಆ್ಯಪ್‌ಗಳು ಇನ್ನೂ ಕಡಿಮೆ. ಇದು ಬರೀ ಅಕ್ಷರಗಳ ಫೈಲ್, ನೋಟ್‌ಪ್ಯಾಡ್‌ನಲ್ಲೇ ತೆರೆದು ಓದಬಹುದು. ನಮ್ಮ ಅತ್ತೆಯೊಬ್ಬರ ಭಾಗ ಹೀಗಿತ್ತು (ಹೆಸರಿನ ಸಾಲು ತೆಗೆದಿದ್ದೇನೆ, ವಿಳಾಸ ಬದಲಿಸಿದ್ದೇನೆ):

```
0 @I112@ INDI
1 SEX F
1 BIRT
2 DATE ABT 1948
1 FAMC @F14@
1 FAMC @F15@
1 FAMS @F31@
1 OBJE
2 FILE https://example.com/m/8f3a21.jpg
3 FORM jpg
```

`FAMC` ಅಂದರೆ ಇವರು ಮಗುವಾಗಿ ಸೇರಿರುವ ಕುಟುಂಬ, `FAMS` ಅಂದರೆ ಮದುವೆಯಾಗಿ ಸೇರಿರುವ ಕುಟುಂಬ. `ABT` ಅಂದರೆ ಸುಮಾರು. ಇಷ್ಟು ಗೊತ್ತಿದ್ದರೆ ಫೈಲ್ ಓದಲು ಸಾಕು. ಆದರೆ ಇದು ಎರಡನೇ ಸಲ ಇಳಿಸಿಕೊಂಡ ಫೈಲ್. ಮೊದಲನೆಯದರಲ್ಲಿ ಕನ್ನಡದ ಹೆಸರು ಒಂದೂ ಇರಲಿಲ್ಲ. ಹೆಸರು ಇರಬೇಕಾದ ಕಡೆಯೆಲ್ಲ `?????` ಅಂತ ಸಾಲು ಸಾಲು ಪ್ರಶ್ನೆ ಚಿಹ್ನೆ. ದೊಡ್ಡಪ್ಪನ ಮುಖ ನೋಡಲಾಗಲಿಲ್ಲ.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳಿ. ಕನ್ನಡ ಕೆಟ್ಟು ಕಾಣುವುದರಲ್ಲಿ ಎರಡು ಬಗೆ ಇದೆ. ಪ್ರಶ್ನೆ ಚಿಹ್ನೆ ಕಂಡರೆ ಆ ಫೈಲಿನಲ್ಲಿ ಅಕ್ಷರ ಹೋಗೇಬಿಟ್ಟಿದೆ ಅಂತ ಅರ್ಥ, ಏನು ಮಾಡಿದರೂ ಬರುವುದಿಲ್ಲ. ಅದೇ `à²®` ಥರದ ವಿಚಿತ್ರ ಗುರುತುಗಳು, ಅದರಲ್ಲೂ `à²` ಮತ್ತು `à³` ಮತ್ತೆ ಮತ್ತೆ ಕಂಡರೆ ಗಾಬರಿ ಬೇಡ. ಕನ್ನಡ ಒಳಗೆ ಸರಿಯಾಗೇ ಇದೆ, ತೆರೆದ ಆ್ಯಪ್ ಅದನ್ನು ತಪ್ಪಾಗಿ ಓದುತ್ತಿದೆ ಅಷ್ಟೇ. ಈಗ ಬರೆದ `à²®` ನಿಜವಾಗಿ ನಮ್ಮ 'ಮ' ಅಕ್ಷರ.

ನಮ್ಮ ಮೊದಲ ಫೈಲ್ ಪ್ರಶ್ನೆ ಚಿಹ್ನೆಯ ಜಾತಿಯದು. ಇಳಿಸಿಕೊಳ್ಳುವ ಪುಟದಲ್ಲಿ ಕೆಳಗೆ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ಬಗೆ, ಅಂತ ಒಂದು ಚಿಕ್ಕ ಪಟ್ಟಿ ಇತ್ತು, ಅದರಲ್ಲಿ ಕನ್ನಡ ಹಿಡಿಯದ `ANSI` ಮೊದಲೇ ಆಯ್ಕೆಯಾಗಿತ್ತು. ಅದನ್ನು `UTF-8` ಮಾಡಿ ಮತ್ತೆ ಇಳಿಸಿಕೊಂಡೆವು. ಈಗ ನೋಟ್‌ಪ್ಯಾಡ್‌ನಲ್ಲಿ ಹೆಸರು ಚೆನ್ನಾಗಿ ಕಂಡಿತು, ಆದರೆ ಹೊಸ ಆ್ಯಪ್‌ಗೆ ಹಾಕಿದರೆ `à²` ಶುರು. ಕಾರಣ ಫೈಲಿನ ತಲೆಯಲ್ಲೇ ಇತ್ತು. ಒಳಗಿನ ಅಕ್ಷರ ಯುಟಿಎಫ್-8, ಮೇಲಿನ ಸಾಲು ಮಾತ್ರ `1 CHAR ANSI` ಅಂತಲೇ ಉಳಿದಿತ್ತು. ಹೊಸ ಆ್ಯಪ್ ಆ ಮಾತನ್ನು ನಂಬಿ ಓದುತ್ತಿತ್ತು. ಆ ಒಂದು ಸಾಲನ್ನು `1 CHAR UTF-8` ಅಂತ ತಿದ್ದಿ ಉಳಿಸಿದ ಮೇಲೆ ಸರಿಹೋಯಿತು. ಮೂಲ ಫೈಲಿನ ಒಂದು ಪ್ರತಿಯನ್ನು ಬೇರೆ ಇಟ್ಟುಕೊಂಡೇ ಇಂಥ ತಿದ್ದುಪಡಿ ಮಾಡಿ.

ಇನ್ನೊಂದು ಸಣ್ಣ ಕಾಟ ಉದ್ದದ ಟಿಪ್ಪಣಿಗಳದು. ಹಳೆಯ ಜೆಡ್‌ಕಾಮ್‌ನಲ್ಲಿ ಒಂದು ಸಾಲಿಗೆ 255 ಅಕ್ಷರದ ಮಿತಿ, ಅದಕ್ಕಿಂತ ಉದ್ದ ಇದ್ದರೆ ಮುರಿದು `CONC` ಅಂತ ಮುಂದಿನ ಸಾಲಿಗೆ ಹಾಕುತ್ತದೆ. ಕೆಲವು ಆ್ಯಪ್‌ಗಳು ಅಕ್ಷರದ ಬದಲು ಬೈಟ್ ಎಣಿಸುತ್ತವೆ. ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು. ಹಾಗಾಗಿ ಅಕ್ಷರದ ನಡುವೆಯೇ ಕತ್ತರಿ ಬಿದ್ದು ಅಲ್ಲೊಂದು `�` ಉಳಿಯುತ್ತದೆ. ದೊಡ್ಡಪ್ಪ ಬರೆದಿದ್ದ ಉದ್ದದ ಕಥೆಗಳಲ್ಲಿ ಇದು ಅಲ್ಲಲ್ಲಿ ಇತ್ತು. ಆ ಚಿಹ್ನೆಯನ್ನು ಹುಡುಕಿ ಕೈಯಿಂದಲೇ ಸರಿಮಾಡಿದೆವು. 7.0ದಲ್ಲಿ ಈ ಮಿತಿಯೇ ಇಲ್ಲ.

ಈಗ ಫೋಟೋ ಕಥೆ. ನನಗೆ ಜಾಸ್ತಿ ನಿದ್ದೆ ಕೆಡಿಸಿದ್ದು ಇದೇ.

ಮೇಲಿನ ತುಣುಕಿನಲ್ಲಿ `FILE` ಸಾಲು ನೋಡಿ. ಅಲ್ಲಿ ಫೋಟೋ ಇಲ್ಲ, ಫೋಟೋದ ವಿಳಾಸ ಮಾತ್ರ ಇದೆ. `.ged` ಫೈಲಿನೊಳಗೆ ಫೋಟೋ ಬರುವುದಿಲ್ಲ. ನಮ್ಮ ವಿಷಯದಲ್ಲಿ ಆ ವಿಳಾಸ ಮುಚ್ಚುತ್ತಿರುವ ಕಂಪನಿಯ ಸರ್ವರಿನದೇ. ಈ ಫೈಲನ್ನು ಹೊಸ ಆ್ಯಪ್‌ಗೆ ಹಾಕಿದರೆ ಮೊದಲಿಗೆ ಎಲ್ಲ ಫೋಟೋ ಚೆನ್ನಾಗಿ ಕಾಣುತ್ತದೆ, ನಾವು ನೆಮ್ಮದಿಯಾಗಿರುತ್ತೇವೆ. ಸರ್ವರ್ ನಿಂತ ದಿನ ಎಲ್ಲ ಫೋಟೋದ ಜಾಗದಲ್ಲೂ ಖಾಲಿ ಚೌಕ! ಗೊತ್ತಾಗಬೇಕು ಅಂದರೆ ಇಂಟರ್ನೆಟ್ ಆಫ್ ಮಾಡಿ ಹೊಸ ಆ್ಯಪ್ ತೆರೆದು ನೋಡಿ.

ಹಾಗಾದರೆ ಜಿಪ್‌ನಲ್ಲಿ ಫೋಟೋ ಇತ್ತಲ್ಲ ಅಂತೀರಾ? ಇತ್ತು. ಆದರೆ ಅಲ್ಲಿ ಹೆಸರು `IMG_0034.jpg` ಥರ, ಇಲ್ಲಿ `8f3a21.jpg` ಥರ. ಯಾವುದು ಯಾವುದಕ್ಕೆ ಸೇರಿದ್ದು ಅಂತ ಹೇಳುವ ಪಟ್ಟಿ ಎಲ್ಲೂ ಇಲ್ಲ. ನೂರಾರು ಫೋಟೋ ಒಂದೊಂದಾಗಿ ಮತ್ತೆ ಜೋಡಿಸುವುದು ಆಗುವ ಮಾತಲ್ಲ.

ನನ್ನ ಅಕ್ಕನ ಮಗ ಕಂಪ್ಯೂಟರ್ ಓದುತ್ತಿದ್ದಾನೆ. ಅವನು ಫೈಲ್ ನೋಡಿ, "ಮಾವ, ಜಿಪ್ ಬಿಟ್ಟಾಕಿ. ಲಿಂಕ್‌ಗಳು ಇನ್ನೂ ಬದುಕಿವೆಯಲ್ಲ, ಅಲ್ಲಿಂದಲೇ ಇಳಿಸೋಣ" ಅಂದ. ಲಿನಕ್ಸ್ ಇರುವ ಅವನ ಲ್ಯಾಪ್‌ಟಾಪಿನಲ್ಲಿ ಎರಡೇ ಸಾಲು:

```
tr -d '\r' < tree.ged | grep -o 'https://[^ ]*' | sort -u > links.txt
wget -P photos -i links.txt
```

ಮೊದಲ ಸಾಲು ಫೈಲಿನಲ್ಲಿರುವ ವಿಳಾಸಗಳನ್ನೆಲ್ಲ ಹೆಕ್ಕಿ ಒಂದು ಪಟ್ಟಿ ಮಾಡುತ್ತದೆ. ಎರಡನೆಯದು ಆ ಪಟ್ಟಿ ಹಿಡಿದು ಒಂದೊಂದೇ ಫೋಟೋ ಇಳಿಸಿ `photos` ಫೋಲ್ಡರಿಗೆ ಹಾಕುತ್ತದೆ. ಫೈಲಿನ ಹೆಸರು ವಿಳಾಸದ ಕೊನೆಯಲ್ಲಿ ಇದ್ದ ಹಾಗೆಯೇ ಉಳಿಯುತ್ತದೆ, ಅಂದರೆ `8f3a21.jpg`. ಆಮೇಲೆ `.ged` ಫೈಲಿನಲ್ಲಿ `https://example.com/m/` ಅನ್ನುವುದನ್ನೆಲ್ಲ ಒಂದೇ ಏಟಿಗೆ `photos/` ಅಂತ ಬದಲಿಸಿದೆವು. ಈಗ ಪ್ರತಿ ವ್ಯಕ್ತಿಯೂ ನಮ್ಮದೇ ಕಂಪ್ಯೂಟರಿನ ಫೋಟೋ ಕಡೆ ಬೊಟ್ಟು ಮಾಡುತ್ತಿದ್ದರು.

ಇಳಿದ ಮೇಲೆ ಫೈಲಿನ ಗಾತ್ರ ನೋಡಿ. ಲಾಗಿನ್ ಇಲ್ಲದೆ ಫೋಟೋ ಕೊಡದ ಸೈಟ್ ಆದರೆ, ಫೋಟೋದ ಬದಲು ಲಾಗಿನ್ ಪುಟವೇ `.jpg` ಹೆಸರಿನಲ್ಲಿ ಇಳಿದಿರುತ್ತದೆ. ಎಲ್ಲ ಫೈಲೂ ಒಂದೇ ಗಾತ್ರ, ತೀರಾ ಚಿಕ್ಕವು, ತೆರೆಯುವುದೂ ಇಲ್ಲ ಅಂದರೆ ಅದೇ ಆಗಿರುವುದು. ನಮ್ಮಲ್ಲಿ ಹಾಗಾಗಲಿಲ್ಲ. ಆದರೆ ಫೋಟೋಗಳು ಕುಗ್ಗಿದ್ದವು. ದೊಡ್ಡಪ್ಪ ಏರಿಸಿದ್ದು ದೊಡ್ಡ ಸ್ಕ್ಯಾನ್, ಆ್ಯಪ್ ಇಟ್ಟುಕೊಂಡಿದ್ದು ಸಣ್ಣದು. ಮುಖ್ಯವಾದ ಕೆಲವನ್ನು ಆಲ್ಬಮ್ಮಿನಿಂದ ಮತ್ತೆ ಸ್ಕ್ಯಾನ್ ಮಾಡಿ, ಅದೇ ಹೆಸರು ಕೊಟ್ಟು ಹಳೆಯದರ ಜಾಗದಲ್ಲಿ ಇಟ್ಟೆವು. ಚಿಕ್ಕ ಫೋಟೋ ಆದಷ್ಟೂ ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ, ಜಾಸ್ತಿ ಬೇಕು. 2 ಇಂಚು ಅಗಲ, 3 ಇಂಚು ಎತ್ತರದ ಫೋಟೋವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸಿಗುವುದು 1200×1800 ಪಿಕ್ಸೆಲ್ ಮಾತ್ರ. 300ರಲ್ಲಿ ಮಾಡಿದರೆ ಅದರ ಕಾಲು ಭಾಗ. ಫೋಟೋದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಅಂಟು ಹಾಳೆಯ ಆಲ್ಬಮ್ಮಿನಲ್ಲಿ ಗಟ್ಟಿಯಾಗಿ ಕೂತ ಫೋಟೋವನ್ನು ಉಗುರಿನಿಂದ ಕೀಳಲು ಹೋಗಬೇಡಿ. ಹಲ್ಲಿನ ಸಂದಿ ಕ್ಲೀನ್ ಮಾಡುವ ಫ್ಲಾಸ್ ದಾರವನ್ನು ಫೋಟೋದ ಅಡಿಗೆ ತೂರಿಸಿ ಮೆಲ್ಲಗೆ ಆಚೀಚೆ ಎಳೆದರೆ ಬಿಡುತ್ತದೆ. ಬಿಡದಿದ್ದರೆ ಹಾಳೆಯ ಸಮೇತ ಸ್ಕ್ಯಾನ್ ಮಾಡಿ ಸುಮ್ನಾಗಿ.

ಫೋಟೋ ಬಂತು, ವ್ಯಕ್ತಿಗೂ ಸೇರಿತು. ಆದರೆ ಮುಖದ ಮೇಲಿನ ಗುರುತುಗಳು ಬರಲಿಲ್ಲ. ಜೆಡ್‌ಕಾಮ್ 5.5.1ರಲ್ಲಿ ಫೋಟೋದ ಯಾವ ಭಾಗದಲ್ಲಿ ಯಾರಿದ್ದಾರೆ ಅಂತ ಬರೆಯಲು ಜಾಗವೇ ಇಲ್ಲ. ಒಂದು ಗುಂಪಿನ ಫೋಟೋದಲ್ಲಿ ಏಳು ಜನ ಇದ್ದರೆ, ಆ ಏಳು ಜನರ ಪುಟದಲ್ಲೂ ಅದೇ ಫೋಟೋ ಬರುತ್ತದೆ. ಅವರಲ್ಲಿ ಯಾರು ಎಡಗಡೆ ಕೂತವರು, ಯಾರು ಹಿಂದೆ ನಿಂತವರು ಅನ್ನುವುದು ಮಾಯ. ಏಳರಲ್ಲಿ ಐವರು ತೀರಿಕೊಂಡಿದ್ದರೆ ಕೇಳುವುದು ಯಾರನ್ನ? ಆಗ ನೆನಪಾಗಿದ್ದು ಕಾಯುವಾಗ ತೆಗೆದಿದ್ದ ಸ್ಕ್ರೀನ್‌ಶಾಟ್‌ಗಳು. ಗೊಣಗಿದ್ದ ದೊಡ್ಡಪ್ಪನೇ ಕನ್ನಡಕ ಹಾಕಿಕೊಂಡು ಒಂದೊಂದೇ ಓದಿ ಹೇಳಿದರು, ನಾನು ಬರೆದೆ.

ಬರೆದಿದ್ದು ಎಲ್ಲಿ ಅನ್ನುವುದು ಮುಖ್ಯ. ಈ ಸಲ ಆ್ಯಪ್‌ನಲ್ಲಲ್ಲ, ಫೋಟೋ ಫೈಲಿನ ಒಳಗೇ ಬರೆದೆವು. ಜೆಪಿಜಿ ಫೈಲಿನಲ್ಲಿ ಚಿತ್ರದ ಜೊತೆಗೆ ವಿವರಣೆ ಬರೆಯಲು ಒಂದು ಜಾಗ ಇರುತ್ತದೆ, ಅದಕ್ಕೆ ಮೆಟಾಡೇಟಾ ಅನ್ನುತ್ತಾರೆ. ಅಲ್ಲಿ ಬರೆದರೆ ಚಿತ್ರದ ಗುಣಮಟ್ಟ ಕೆಡುವುದಿಲ್ಲ, ಫೈಲನ್ನು ಇದ್ದ ಹಾಗೇ ಎಲ್ಲಿಗೆ ಒಯ್ದರೂ ಬರಹ ಜೊತೆಗೇ ಹೋಗುತ್ತದೆ. ಡಿಜಿಕ್ಯಾಮ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಫೋಟೋ ತೆರೆದು ಕ್ಯಾಪ್ಷನ್ ಜಾಗದಲ್ಲಿ ಹೀಗೆ ಬರೆದೆವು: "ಹಿಂದಿನ ಸಾಲು ಎಡದಿಂದ: ಇಂಥವರು, ಇಂಥವರು. ಕೂತವರು ಎಡದಿಂದ: ಇಂಥವರು. ಸುಮಾರು 1962. ಹೆಸರು ಹೇಳಿದವರು: ದೊಡ್ಡಪ್ಪ." ಹೇಳಿದವರ ಹೆಸರು ಬೇಕೇ ಬೇಕು. ಮುಂದೆ ಯಾರಾದರೂ ಅಲ್ಲ ಅಂದರೆ ಯಾರ ಮಾತು ನಂಬಬೇಕು ಅಂತ ತೂಗಿ ನೋಡಬಹುದು.

ಡಿಜಿಕ್ಯಾಮ್‌ನ ಸೆಟ್ಟಿಂಗ್ಸ್‌ನಲ್ಲಿ ಮೆಟಾಡೇಟಾ ಫೈಲಿನೊಳಗೆ ಬರೆಯುವ ಆಯ್ಕೆ ಆನ್ ಇರಬೇಕು. ಇಲ್ಲದಿದ್ದರೆ ಅದು ತನ್ನ ಲೆಕ್ಕದ ಪುಸ್ತಕದಲ್ಲಿ ಮಾತ್ರ ಬರೆದುಕೊಳ್ಳುತ್ತದೆ, ನಾವು ಮತ್ತೆ ಮೊದಲಿನ ಗತಿಗೇ ಬರುತ್ತೇವೆ. ನಿಜವಾಗಿ ಒಳಗೆ ಸೇರಿತಾ ಅಂತ ಎಕ್ಸಿಫ್‌ಟೂಲ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್‌ನಿಂದ ನೋಡಬಹುದು:

```
exiftool -XMP-dc:Description 8f3a21.jpg
```

ಬರೆದಿದ್ದು ಕಂಡರೆ ಸರಿ. ಇಂಥ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಬರಹ ಉದುರಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ವಂಶವೃಕ್ಷಕ್ಕೆ ಹೊಸ ಮನೆಯಾಗಿ ನಾವು ಆರಿಸಿದ್ದು ಗ್ರಾಂಪ್ಸ್ ಅನ್ನುವ ಸಾಫ್ಟ್‌ವೇರ್. ಉಚಿತ, ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಯಾರೂ ಮುಚ್ಚಲಾರರು. ನೋಡಲು ಅಷ್ಟೇನೂ ಚೆಂದ ಇಲ್ಲ, ಕಲಿಯಲು ಸ್ವಲ್ಪ ತಾಳ್ಮೆ ಬೇಕು. ಫೋನಿನಲ್ಲಿ ಮಾತ್ರ ನೋಡುವವರಿಗೆ ಇದು ಹಿಡಿಸದೆ ಇರಬಹುದು. ಅಲ್ಲಿಗೆ ಫೈಲ್ ಹಾಕಿದ ಮೇಲೆ ಸಂಬಂಧಗಳನ್ನು ಪರೀಕ್ಷಿಸುತ್ತಾ ಹೋದೆವು. ಆಗ ಸಿಕ್ಕಿದ್ದು ಅತ್ತೆಯ ವಿಷಯ.

ಮೇಲಿನ ತುಣುಕಿನಲ್ಲಿ ಅತ್ತೆಗೆ `FAMC` ಎರಡು ಸಲ ಇದೆ, ನೋಡಿದಿರಾ? ಅವರನ್ನು ಚಿಕ್ಕಂದಿನಲ್ಲೇ ಮಕ್ಕಳಿಲ್ಲದ ಚಿಕ್ಕಪ್ಪ ಚಿಕ್ಕಮ್ಮ ದತ್ತು ತೆಗೆದುಕೊಂಡಿದ್ದರು. ಹಳೆಯ ಆ್ಯಪ್‌ನಲ್ಲಿ ಹೆತ್ತವರಿಗೆ ಒಂದು ಬಣ್ಣದ ಗೆರೆ, ಸಾಕಿದವರಿಗೆ ಚುಕ್ಕೆ ಗೆರೆ ಇತ್ತು. ಫೈಲಿಗೆ ಬರುವಾಗ ಆ ವ್ಯತ್ಯಾಸ ಕಳೆದುಹೋಗಿತ್ತು. ಈಗ ಅವರು ಎರಡು ದಂಪತಿಗಳಿಗೂ ಹುಟ್ಟಿದ ಮಗಳು! ಜೆಡ್‌ಕಾಮ್‌ನಲ್ಲಿ ಇದಕ್ಕೆ ಜಾಗ ಇದೆ, ಸಾಕಿದ ಕುಟುಂಬದ ಸಾಲಿನ ಕೆಳಗೆ ಹೀಗಿರಬೇಕಿತ್ತು:

```
1 FAMC @F15@
2 PEDI adopted
```

ಹಳೆಯ ಆ್ಯಪ್ ಅದನ್ನು ಬರೆದಿರಲೇ ಇಲ್ಲ. ನಿಮ್ಮ ಫೈಲಿನಲ್ಲಿ `PEDI` ಅಂತ ಹುಡುಕಿ ನೋಡಿ. ದತ್ತು ಹೋದವರು ಇದ್ದೂ ಆ ಪದ ಸಿಗದಿದ್ದರೆ ನಿಮ್ಮಲ್ಲೂ ಹೀಗೇ ಆಗಿರಬಹುದು.

ಗ್ರಾಂಪ್ಸ್‌ನಲ್ಲಿ ಇದನ್ನು ಸರಿಮಾಡುವುದು ಸುಲಭ. ಆದರೆ ಒಬ್ಬರಿಗೆ ಎರಡು ಹೆತ್ತವರ ಕುಟುಂಬ ಇದ್ದಾಗ, ಚಿತ್ರ ಬಿಡಿಸುವಾಗ ಯಾವುದನ್ನು ಮೊದಲು ತೋರಿಸಬೇಕು ಅಂತ ಆರಿಸಬೇಕು. ಪಟ್ಟಿಯಲ್ಲಿ ಮೊದಲಿರುವ ಕುಟುಂಬದ ಕಡೆಗೇ ಗೆರೆ ಹೋಗುತ್ತದೆ. ಇದನ್ನು ನಾನು ನಿರ್ಧರಿಸುವುದು ಸರಿಯಲ್ಲ ಅನಿಸಿತು. ಅತ್ತೆಗೇ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಬ್ಬರೂ ಇರಲಪ್ಪ. ಆದ್ರೆ ಮೊದಲು ನನ್ನ ಸಾಕಿದೋರನ್ನೇ ಹಾಕು" ಅಂದರು. ಹಾಗೇ ಹಾಕಿದೆ.

ತಾರೀಖುಗಳ ಬಗ್ಗೆ ಒಂದು ಮಾತು. ಬರೀ ವರ್ಷ ಗೊತ್ತಿದ್ದವರಿಗೆಲ್ಲ ಕೆಲವು ಆ್ಯಪ್‌ಗಳು ತಾವೇ ಜನವರಿ 1 ಅಂತ ತುಂಬಿಬಿಡುತ್ತವೆ. ಫೈಲಿನಲ್ಲಿ `DATE 1 JAN` ಅಂತ ಹುಡುಕಿ. ಅರ್ಧ ಕುಟುಂಬ ಹೊಸವರ್ಷದ ದಿನವೇ ಹುಟ್ಟಿದ್ದರೆ ಕಾರಣ ಇದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಇಡಿ, `ABT 1932` ಅಥವಾ ಬರೀ `1932` ಸಾಕು. "ದೊಡ್ಡ ಮಳೆ ಬಂದ ವರ್ಷ" ಥರದ ಮಾತನ್ನು ತಾರೀಖಿನ ಜಾಗದಲ್ಲಿ ಬರೆದರೆ ವಯಸ್ಸಿನ ಲೆಕ್ಕ, ಹಿರಿಯ ಕಿರಿಯ ಅನ್ನುವ ಸಾಲು ಎರಡೂ ಕೆಡುತ್ತವೆ. ಅದನ್ನು ಟಿಪ್ಪಣಿಗೆ ಹಾಕಿ.

ಎಲ್ಲ ಮುಗಿದ ಮೇಲೆ ಮನೆಯವರೆಲ್ಲ ಫೈಲ್ ಕಳಿಸು ಅಂತ ಹಿಂದೆ ಬಿದ್ದರು. ಹಾಗೇ ಕಳಿಸಲಿಲ್ಲ. ಅದರಲ್ಲಿ ಬದುಕಿರುವವರ ಪೂರ್ತಿ ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಎಲ್ಲ ಇದೆ. ಬ್ಯಾಂಕು, ಇಮೇಲ್ ಖಾತೆಗಳ ಗುಟ್ಟಿನ ಪ್ರಶ್ನೆಗೆ ಜನ ಕೊಡುವ ಉತ್ತರ ಇವೇ ಅಲ್ವಾ? ಗ್ರಾಂಪ್ಸ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಬದುಕಿರುವವರನ್ನು ಬಿಡುವ ಅಥವಾ ವಿವರ ಮರೆಮಾಡುವ ಆಯ್ಕೆ ಬರುತ್ತದೆ. ಹಂಚುವುದಕ್ಕೆ ಅಂಥ ಒಂದು ಪ್ರತಿ, ನಮಗೆ ಪೂರ್ತಿ ಇರುವ ಇನ್ನೊಂದು ಪ್ರತಿ.

ಪೂರ್ತಿ ಪ್ರತಿಯನ್ನು `.gpkg` ರೂಪದಲ್ಲಿ ಇಟ್ಟಿದ್ದೇವೆ. ಅದರಲ್ಲಿ ಫೋಟೋಗಳೂ ಒಟ್ಟಿಗೆ ಸೇರಿರುತ್ತವೆ, ಆದರೆ ಅದನ್ನು ತೆರೆಯುವುದು ಗ್ರಾಂಪ್ಸ್ ಮಾತ್ರ. ಅದಕ್ಕೇ ಪಕ್ಕದಲ್ಲಿ `.ged` ಮತ್ತು `photos` ಫೋಲ್ಡರ್ ಕೂಡ. ಈ ಜೋಡಿಯ ಒಂದು ಪ್ರತಿ ನನ್ನ ಹತ್ತಿರ, ಒಂದು ಅಕ್ಕನ ಮನೆಯ ಹಾರ್ಡ್ ಡಿಸ್ಕಿನಲ್ಲಿ. ಹಾಗೆ ಇಟ್ಟ ಮೇಲೆ ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ಖಾಲಿ ಗ್ರಾಂಪ್ಸ್ ತೆರೆದು, ಇಂಟರ್ನೆಟ್ ಆಫ್ ಮಾಡಿ, ಆ ಪ್ರತಿಯಿಂದಲೇ ಪೂರ್ತಿ ಮರ ಮತ್ತೆ ಕಟ್ಟಿ ನೋಡಿದೆವು. ಒಟ್ಟು ಜನರ ಸಂಖ್ಯೆ, ಕುಟುಂಬಗಳ ಸಂಖ್ಯೆ, ಫೋಟೋಗಳ ಸಂಖ್ಯೆ ಮೂರನ್ನೂ ಹಳೆಯ ಆ್ಯಪ್‌ನ ಜೊತೆ ತಾಳೆ ನೋಡಿದೆವು. ಜನ, ಕುಟುಂಬ ಸರಿಹೋಯಿತು. ಫೋಟೋ ಕೆಲವು ಕಡಿಮೆ ಬಂದವು. ಯಾರಿಗೂ ಸೇರಿಸದೆ ಸುಮ್ನೆ ಏರಿಸಿಟ್ಟಿದ್ದ ಫೋಟೋಗಳವು. ವ್ಯಕ್ತಿಗೆ ಅಂಟಿಸದ ಫೋಟೋಕ್ಕೆ ನಮ್ಮ `.ged` ಫೈಲಿನಲ್ಲಿ ಸಾಲೇ ಇರಲಿಲ್ಲ, ಹಾಗಾಗಿ ಲಿಂಕಿನ ಪಟ್ಟಿಗೂ ಬಂದಿರಲಿಲ್ಲ. ಬಿಟ್ಟಾಕಿ ಅಂದಿದ್ದ ಆ ಜಿಪ್ ಅಳಿಸದೆ ಇಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬಂತು, ಅವು ಅದರಲ್ಲಿ ಸಿಕ್ಕವು.